ಫೀಡರ್ ಲೆಕ್ಕದಿಂದ ಹುಟ್ಟಿದ ಎಸ್‌ಓಪಿ: ಸಣ್ಣ ಊರಿನ ಎಂಜಿನಿಯರ್, ಡೇಟಾ ಸೈನ್ಸ್ ಮಾಸ್ಟರ್ಸ್

ಇವತ್ತಿನ ಎಪಿಸೋಡ್ ಒಂದೇ ಒಂದು ದಾಖಲೆಯ ಬಗ್ಗೆ. ಸ್ಟೇಟ್‌ಮೆಂಟ್ ಆಫ್ ಪರ್ಪಸ್, ಚಿಕ್ಕದಾಗಿ ಎಸ್‌ಓಪಿ. ವಿದೇಶದಲ್ಲಿ ಮಾಸ್ಟರ್ಸ್ ಮಾಡೋಕೆ ಅರ್ಜಿ ಹಾಕಿದಾಗ ಮಾರ್ಕ್ಸ್ ಕಾರ್ಡ್, ರೆಸ್ಯೂಮೆ, ಶಿಫಾರಸು ಪತ್ರ ಇವೆಲ್ಲದರ ಜೊತೆಗೆ ನೀವೇ ಬರೆದು ಕೊಡಬೇಕಾದ ಒಂದೆರಡು ಪುಟ ಇದು. ನೀವು ಏನು ಓದಬೇಕು ಅಂದುಕೊಂಡಿದ್ದೀರಿ, ಯಾಕೆ, ಅದನ್ನು ಓದೋಕೆ ನಿಮ್ಮ ಹತ್ತಿರ ಏನು ಸಿದ್ಧತೆ ಇದೆ ಅನ್ನೋದನ್ನ ಅದರಲ್ಲಿ ಹೇಳಬೇಕು. ಜರ್ಮನಿಯಲ್ಲಿ ಇದನ್ನೇ ಸಾಮಾನ್ಯವಾಗಿ ಮೋಟಿವೇಶನ್ ಲೆಟರ್ ಅಂತಾರೆ.

ನಮ್ಮ ಕೇಳುಗರೊಬ್ಬರು ಎರಡು ತಿಂಗಳ ಹಿಂದೆ ತಮ್ಮ ಎಸ್‌ಓಪಿ ಕಳಿಸಿ, "ಅಣ್ಣ, ಒಂದ್ಸಲ ಓದಿ ಹೇಳಿ" ಅಂದರು. ಬಯಲುಸೀಮೆಯ ಒಂದು ತಾಲೂಕು ಕೇಂದ್ರದಲ್ಲಿದ್ದಾರೆ. ಹೆಸರು, ಊರು ಹೇಳಬೇಡಿ ಅಂದಿದ್ದಾರೆ, ಹಾಗಾಗಿ ಎಂಜಿನಿಯರ್ ಅಂತಲೇ ಕರೀತೀನಿ. ಓದಿದ್ದು ಎಲೆಕ್ಟ್ರಿಕಲ್. ಮೂರು ವರ್ಷದಿಂದ ವಿದ್ಯುತ್ ಲೆಕ್ಕ ನೋಡಿಕೊಳ್ಳೋ ಒಂದು ಗುತ್ತಿಗೆ ಏಜೆನ್ಸಿಯಲ್ಲಿ ಕೆಲಸ. ಆಸೆ, ಡೇಟಾ ಸೈನ್ಸ್‌ನಲ್ಲಿ ಮಾಸ್ಟರ್ಸ್. ಮನೆಯವರು ಒಂದು ಸಲಕ್ಕೆ ಒಪ್ಪಿದ್ದಾರೆ. ಈ ವರ್ಷ ಸೀಟು ಸಿಕ್ಕರೆ ಸೈಟಿನ ಮೇಲೆ ಸಾಲ ತೆಗೆದು ಕಳಿಸ್ತಾರೆ, ಸಿಗದಿದ್ದರೆ ತಂಗಿ ಮದುವೆ ಮುಂದಿದೆ, ಆ ದುಡ್ಡು ಆ ಕಡೆ ಹೋಗುತ್ತೆ. ಹಾಗಾಗಿ ಈ ಎರಡು ಪುಟದ ಮೇಲೆ ಬಹಳ ಭಾರ ಇತ್ತು.

ನಾನು ಓದಿದ್ದು ಬಿಕಾಂ. ಡೇಟಾ ಸೈನ್ಸ್ ಪಾಠ ಹೇಳೋಕೆ ನಾನು ಬಂದಿಲ್ಲ. ಆದರೆ ಈ ಪಾಡ್‌ಕಾಸ್ಟ್ ಕೆಲಸಕ್ಕೆ ಅಂತ ತುಂಬಾ ಜನರ ಎಸ್‌ಓಪಿ ಓದಿದ್ದೀನಿ, ಸೀಟು ಸಿಕ್ಕವರ ಜೊತೆ, ಸಿಗದವರ ಜೊತೆ ಕೂತು ಮಾತಾಡಿದ್ದೀನಿ. ಇನ್ನೊಂದು ವಿಷಯ, ಈ ಎಂಜಿನಿಯರ್ ಮಾಡ್ತಿದ್ದ ಕೆಲಸ ನೋಡಿದಾಗ ಅದು ನಮ್ಮ ಕಾಮರ್ಸ್‌ನವರ ಲೆಕ್ಕಕ್ಕೆ ಬಹಳ ಹತ್ತಿರ ಅನ್ನಿಸ್ತು. ಅದು ಯಾಕೆ ಅಂತ ಮುಂದೆ ಗೊತ್ತಾಗುತ್ತೆ.

ಮೊದಲ ಡ್ರಾಫ್ಟ್ ಹೇಗಿತ್ತು? ಇಂಗ್ಲಿಷ್‌ನಲ್ಲಿತ್ತು, ನಾನು ಸಾರಾಂಶ ಕನ್ನಡದಲ್ಲಿ ಹೇಳ್ತೀನಿ. ಮೊದಲ ಪ್ಯಾರಾ: ಇವತ್ತಿನ ಜಗತ್ತಿನಲ್ಲಿ ಡೇಟಾ ಅನ್ನೋದು ಹೊಸ ತೈಲ. ಎರಡನೇದು: ಚಿಕ್ಕಂದಿನಿಂದ ನನಗೆ ಗಣಿತ, ಕಂಪ್ಯೂಟರ್ ಅಂದ್ರೆ ಪ್ರಾಣ. ಮೂರನೇದು: ಹಿಂದುಳಿದ ಊರಿನಲ್ಲಿ ಸೌಕರ್ಯ ಇಲ್ಲದೆ ಬೆಳೆದರೂ ಛಲ ಬಿಡಲಿಲ್ಲ. ನಾಲ್ಕನೇದರಲ್ಲಿ ಆನ್‌ಲೈನ್ ಕೋರ್ಸ್‌ಗಳ ಪಟ್ಟಿ. ಕೊನೆಗೆ, ನಿಮ್ಮ ಪ್ರತಿಷ್ಠಿತ ವಿಶ್ವವಿದ್ಯಾಲಯದಲ್ಲಿ ಓದುವುದು ನನ್ನ ಕನಸು.

ಒಂದು ವಾಕ್ಯವೂ ಸುಳ್ಳಲ್ಲ. ಆದರೆ ಈ ಐದು ಪ್ಯಾರಾದ ಕೆಳಗೆ ಬೇರೆ ಯಾರ ಹೆಸರು ಹಾಕಿದರೂ ನಡೆಯುತ್ತೆ. ಅರ್ಜಿ ಓದುವ ಕಮಿಟಿಯಲ್ಲಿ ಕೂತಿರೋದು ಪಾಠ ಮಾಡುವ ಪ್ರೊಫೆಸರ್‌ಗಳು. ಅವರ ಪ್ರಶ್ನೆ ಸರಳ. ಈ ವ್ಯಕ್ತಿ ನಮ್ಮ ಕ್ಲಾಸಿನಲ್ಲಿ ಪ್ರಾಬಬಿಲಿಟಿ, ಲೀನಿಯರ್ ಆಲ್ಜೀಬ್ರಾ, ಪ್ರೋಗ್ರಾಮಿಂಗ್ ತಡ್ಕೋತಾರಾ? ಇವರಿಗೆ ನಮ್ಮ ಕೋರ್ಸೇ ಯಾಕೆ ಬೇಕು? ಆ ಎರಡಕ್ಕೂ ಡ್ರಾಫ್ಟ್‌ನಲ್ಲಿ ಉತ್ತರ ಇರಲಿಲ್ಲ.

ನಾನು ಫೋನ್ ಮಾಡಿ ಕೇಳಿದೆ. "ಡೇಟಾ ನೋಡಿ ತಲೆ ಕೆಟ್ಟುಹೋಗಿದ್ದು ಯಾವಾಗ? ನಿಮ್ಮ ಕೆಲಸದಲ್ಲಿ ನಡೆದದ್ದು ಹೇಳಿ." ಅವರು ಸ್ವಲ್ಪ ಹೊತ್ತು ಸುಮ್ನಿದ್ದು, "ಅಣ್ಣ, ಮೈನಸ್ ಲಾಸ್ ಬಂದಾಗ" ಅಂದರು. ಆಮೇಲೆ ಅರ್ಧ ಗಂಟೆ ಮಾತಾಡಿದರು. ಎಸ್‌ಓಪಿ ಆ ಅರ್ಧ ಗಂಟೆಯಲ್ಲಿತ್ತು.

ಆ ಕಥೆ ನಿಮಗೂ ಹೇಳ್ತೀನಿ, ನಿಧಾನವಾಗಿ ಕೇಳಿ. ಸಬ್‌ಸ್ಟೇಷನ್‌ನಿಂದ ಊರುಗಳ ಕಡೆ ಹೋಗುವ ಒಂದೊಂದು ಲೈನಿಗೂ ಫೀಡರ್ ಅಂತ ಹೆಸರು. ಫೀಡರ್ ಶುರುವಾಗೋ ಕಡೆ ಒಂದು ಮೀಟರ್ ಇರುತ್ತೆ, ಎಷ್ಟು ಯೂನಿಟ್ ಹೊರಟಿತು ಅಂತ ಅದು ಹೇಳುತ್ತೆ. ಆ ಕಡೆ ಮನೆ ಮನೆ ಮೀಟರ್ ಓದಿ ಬಿಲ್ ಹಾಕ್ತಾರೆ. ಹೊರಟಿದ್ದರಿಂದ ಬಿಲ್ ಆಗಿದ್ದನ್ನು ಕಳೆದರೆ ಉಳಿಯೋದು ನಷ್ಟ. ತಂತಿಯಲ್ಲಿ ಬಿಸಿಯಾಗಿ ಹೋಗಿದ್ದು, ಕಳ್ಳತನ, ಕೆಟ್ಟ ಮೀಟರ್, ಎಲ್ಲಾ ಅದರಲ್ಲೇ ಸೇರುತ್ತೆ. ಅಂಗಡಿಯವರಿಗೆ ಇದು ಹೊಸದೇನಲ್ಲ. ಗೋಡೌನ್‌ನಿಂದ ಹೋದ ಮಾಲು, ಕೌಂಟರ್‌ನಲ್ಲಿ ಬಿಲ್ ಆದ ಮಾಲು, ಎರಡನ್ನೂ ತಾಳೆ ನೋಡಿದ ಹಾಗೆ.

ನಮ್ಮ ಎಂಜಿನಿಯರ್ ನೋಡಿಕೊಳ್ತಿದ್ದದ್ದು 38 ಫೀಡರ್. ಅದರಲ್ಲಿ ಅಕ್ಕಪಕ್ಕದ ಎರಡು, ಊರಿನ ಮನೆಗಳಿಗೆ ಮಾತ್ರ ಕರೆಂಟ್ ಕೊಡೋ ನಿರಂತರ ಜ್ಯೋತಿ ಫೀಡರ್‌ಗಳು. ಮೊದಲನೇದಕ್ಕೆ ಒಂದು ತಿಂಗಳಲ್ಲಿ ಹೊರಟಿದ್ದು 4,20,000 ಯೂನಿಟ್, ಬಿಲ್ ಆಗಿದ್ದು 3,61,200. ನಷ್ಟ ಶೇ 14. ಎರಡನೇದಕ್ಕೆ ಹೊರಟಿದ್ದು 2,50,000, ಬಿಲ್ ಆಗಿದ್ದು 2,62,500. ಅಂದ್ರೆ ನಷ್ಟ ಮೈನಸ್ ಶೇ 5. ಕಳಿಸಿದ್ದಕ್ಕಿಂತ ಹೆಚ್ಚು ಕರೆಂಟ್ ಮಾರಾಟ ಆಗಿದೆ! ಅದು ಸಾಧ್ಯವೇ ಇಲ್ಲ. ಲೆಕ್ಕದಲ್ಲಿ ಏನೋ ಎಡವಟ್ಟಾಗಿದೆ.

ಆಫೀಸಿನಲ್ಲಿ ಮೊದಲನೇ ಫೀಡರ್ ಬಗ್ಗೆ ಎಲ್ಲರೂ ಅಂದಿದ್ದು ಒಂದೇ ಮಾತು, ಅಲ್ಲಿ ಕಳ್ಳತನ ಜಾಸ್ತಿ. ಎರಡನೇ ಫೀಡರ್ ಬಗ್ಗೆ, ರೀಡಿಂಗ್ ದಿನ ಹೆಚ್ಚುಕಮ್ಮಿ ಆಗಿರುತ್ತೆ ಬಿಡಿ. ಇವರು ಒಪ್ಪಲಿಲ್ಲ. ರೀಡಿಂಗ್ ತಡವಾಗಿದ್ದರೆ ಈ ತಿಂಗಳ ಬಿಲ್‌ನಲ್ಲಿ ಯೂನಿಟ್ ಹೆಚ್ಚು ಬರುತ್ತೆ, ಆದರೆ ಮುಂದಿನ ತಿಂಗಳು ಅಷ್ಟೇ ಕಡಿಮೆ ಆಗಬೇಕು. ಅಂಕಿ ಮೇಲೆ ಕೆಳಗೆ ಆಡಬೇಕು. ಇವರು ಹಿಂದಿನ ಆರು ತಿಂಗಳ ಲೆಕ್ಕ ತೆಗೆದು ನೋಡಿದರು. ಒಂದು ಕಡೆ ಸುಮಾರು 14, ಇನ್ನೊಂದು ಕಡೆ ಸುಮಾರು ಮೈನಸ್ 5, ಹೆಚ್ಚುಕಮ್ಮಿ ಇಲ್ಲದೆ ಹಾಗೇ ನಿಂತಿದೆ. ಇನ್ನು ಕಳ್ಳತನವೇ ಆಗಿದ್ದರೆ ಮೊದಲನೇದರಲ್ಲಿ ನಷ್ಟ ಏರುತ್ತೆ ಸರಿ, ಪಕ್ಕದ ಫೀಡರ್ ಯಾಕೆ ಮೈನಸ್ ಆಗಬೇಕು?

ಆಗ ಎರಡನ್ನೂ ಸೇರಿಸಿ ನೋಡಿದರು. ಒಟ್ಟು ಹೊರಟಿದ್ದು 6,70,000, ಒಟ್ಟು ಬಿಲ್ 6,23,700. ನಷ್ಟ ಸುಮಾರು ಶೇ 7. ಸುತ್ತಮುತ್ತ ಇದೇ ಥರದ ಫೀಡರ್‌ಗಳಲ್ಲೂ ಅಷ್ಟೇ ಇತ್ತು. ಅಂದ್ರೆ ಸುಮಾರು 30,000 ಯೂನಿಟ್ ತಪ್ಪು ಖಾತೆಯಲ್ಲಿ ಕೂತಿದೆ. ಒಂದು ಹಳ್ಳಿ ಮನೆಗೆ ತಿಂಗಳಿಗೆ 75 ಯೂನಿಟ್ ಅಂದುಕೊಂಡರೆ ಸುಮಾರು 400 ಮನೆ. ಭಾನುವಾರ ಲೈನ್‌ಮನ್ ಒಬ್ಬರ ಬೈಕಿನಲ್ಲಿ ಕೂತು ಲೈನ್ ಉದ್ದಕ್ಕೂ ಹೋದರು. ಹಿಂದಿನ ಬೇಸಿಗೆಯಲ್ಲಿ ಲೋಡ್ ಹೆಚ್ಚಾಯ್ತು ಅಂತ ಒಂದು ಹಳ್ಳಿಯ ಮೂರು ಟಿಸಿಗಳನ್ನ ಎರಡನೇ ಫೀಡರ್‌ನಿಂದ ಮೊದಲನೇದಕ್ಕೆ ಬದಲಾಯಿಸಿದ್ದರು. ಕಂಬದ ಮೇಲೆ ತಂತಿ ಬದಲಾಗಿತ್ತು, ಬಿಲ್ಲಿಂಗ್ ಪಟ್ಟಿಯಲ್ಲಿ ಆ ಮನೆಗಳ ಆರ್‌ಆರ್ ನಂಬರ್ ಹಳೇ ಫೀಡರ್ ಕೆಳಗೇ ಉಳಿದಿತ್ತು. ಪಟ್ಟಿ ಸರಿ ಮಾಡಿದ ಮುಂದಿನ ತಿಂಗಳು ಎರಡೂ ಫೀಡರ್ ಶೇ 7ರ ಆಸುಪಾಸಿಗೆ ಬಂದವು. ಕಳ್ಳರ ಊರು ಅನ್ನಿಸಿಕೊಂಡಿದ್ದ ಊರಿಗೆ ಆ ಹೆಸರು ಹೋಯ್ತು.

ಇದನ್ನ ಕೇಳಿ ನಾನು ಕೇಳಿದ್ದು ಒಂದೇ: ಇದು ಎಸ್‌ಓಪಿಯಲ್ಲಿ ಯಾಕಿಲ್ಲ? ಅವರ ಉತ್ತರ: "ಅಣ್ಣ, ಇದು ಎಕ್ಸೆಲ್‌ನಲ್ಲಿ ಮಾಡಿದ್ದು. ಮಷೀನ್ ಲರ್ನಿಂಗ್ ಇಲ್ಲ." ತುಂಬಾ ಜನರ ತಲೆಯಲ್ಲಿ ಇದೇ ಕೂತಿದೆ. ದೊಡ್ಡ ಹೆಸರಿನ ಅಲ್ಗಾರಿದಮ್ ಇದ್ದರೆ ಮಾತ್ರ ಡೇಟಾ ಸೈನ್ಸ್ ಅಂತ. ಆದರೆ ಇಲ್ಲಿ ನೋಡಿ, ಒಂದು ವಿಚಿತ್ರ ಅಂಕಿ ಬಂತು, ಅದಕ್ಕೆ ಮೂರು ಕಾರಣ ಸಾಧ್ಯ ಇತ್ತು, ಒಂದೊಂದೂ ನಿಜವಾದರೆ ಡೇಟಾದಲ್ಲಿ ಏನು ಕಾಣಬೇಕು ಅಂತ ಮೊದಲೇ ಯೋಚಿಸಿ ಎರಡನ್ನ ತೆಗೆದುಹಾಕಿದರು, ಮೂರನೇದನ್ನ ಸ್ಥಳಕ್ಕೆ ಹೋಗಿ ಪರೀಕ್ಷೆ ಮಾಡಿದರು. ಪ್ರೊಫೆಸರ್ ಹುಡುಕೋದು ಆ ಯೋಚನೆಯನ್ನೇ. ಅದು ಎಕ್ಸೆಲ್‌ನಲ್ಲಿ ಆಯ್ತಾ, ಪೈಥಾನ್‌ನಲ್ಲಿ ಆಯ್ತಾ ಅನ್ನೋದು ಆಮೇಲಿನ ಮಾತು.

ಆದರೆ ಇದಿಷ್ಟೇ ಬರೆದರೂ ಸಾಲದು. ಯಾಕೆ ಅಂದ್ರೆ ಓದಿದವರು ಕೇಳ್ತಾರೆ, ಇಷ್ಟು ಚೆನ್ನಾಗಿ ಕೆಲಸ ಆಗ್ತಿದೆಯಲ್ಲ, ಮಾಸ್ಟರ್ಸ್ ಯಾಕೆ ಬೇಕು? ಹಾಗಾಗಿ ನಾನು ಎರಡನೇ ಪ್ರಶ್ನೆ ಕೇಳಿದೆ. "ನಿಮ್ಮ ಕೈಯಲ್ಲಿ ಆಗದೇ ಹೋಗಿದ್ದು ಯಾವುದು?"

ಅದೂ ಇತ್ತು. ಈ ಯಶಸ್ಸಿನ ನಂತರ ಅವರು ಪೈಥಾನ್ ಕಲಿತು ಕಳ್ಳತನ ಹಿಡಿಯೋ ಒಂದು ಪ್ರಯತ್ನ ಮಾಡಿದರು. ಯಾವ ಮನೆಯ ಬಳಕೆ ಇದ್ದಕ್ಕಿದ್ದಂತೆ ಕುಸಿದಿದೆಯೋ ಅಂಥ 50 ಮನೆಗಳ ಪಟ್ಟಿ ತೆಗೆದು, ಪರಿಶೀಲನೆಗೆ ಕೊಟ್ಟರು. ಫಲಿತಾಂಶ ಏನು ಗೊತ್ತಾ? 31 ಮನೆಗೆ ಬೀಗ. ಮನೆಯವರು ದುಡಿಯೋಕೆ ಬೆಂಗಳೂರಿಗೆ ಹೋಗಿದ್ದಾರೆ. 9 ಕಡೆ ಮೀಟರ್ ಕೆಟ್ಟು ನಿಂತಿದೆ. ಉಳಿದ 10 ಕಡೆ ಏನೂ ಇಲ್ಲ. ಕಳ್ಳತನ ಒಂದೂ ಇಲ್ಲ. ಲೈನ್‌ಮನ್‌ಗಳು ಒಂದು ವಾರ ನಕ್ಕರಂತೆ.

ಅವರು ಇದನ್ನ ಮುಚ್ಚಿಡಬೇಕು ಅಂದುಕೊಂಡಿದ್ದರು. ನನಗೆ ಅನ್ನಿಸಿದ್ದು, ಇಡೀ ಎಸ್‌ಓಪಿಯ ಜೀವ ಇಲ್ಲೇ ಇದೆ. ಬಳಕೆ ಕುಸಿಯೋದಕ್ಕೂ ಕಳ್ಳತನಕ್ಕೂ ನೇರ ಸಂಬಂಧ ಇಲ್ಲ, ಊರು ಬಿಟ್ಟು ಹೋಗೋದೂ ಅದೇ ಥರ ಕಾಣುತ್ತೆ. ಯಾವುದು ನಿಜವಾದ ಕಳ್ಳತನ ಅಂತ ಮೊದಲೇ ಗುರುತು ಹಾಕಿದ ಉದಾಹರಣೆಗಳು ಅವರ ಹತ್ತಿರ ಇರಲಿಲ್ಲ, ಹಾಗಾಗಿ ಪ್ರೋಗ್ರಾಂ ಕಲಿಯೋಕೆ ಏನೂ ಇರಲಿಲ್ಲ. ಇನ್ನೂ ಒಂದು ಗಂಟು ಇತ್ತು. ತೋಟದ ಪಂಪ್‌ಸೆಟ್ ಇರುವ ಫೀಡರ್‌ಗಳಲ್ಲಿ ಎಷ್ಟೋ ಪಂಪ್‌ಗಳಿಗೆ ಮೀಟರೇ ಇಲ್ಲ. ಕೆಲವು ಟಿಸಿಗಳ ಮೀಟರ್ ನೋಡಿ ಉಳಿದದ್ದನ್ನ ಅಂದಾಜು ಮಾಡ್ತಾರೆ. ಹಾಗಿದ್ದಾಗ ನಷ್ಟ ಶೇ 14 ಅಂತ ಬರೆದರೆ, ಅದು ನಿಜವಾಗಿ 14ಆ, ಅಥವಾ 11ರಿಂದ 17ರ ನಡುವೆ ಎಲ್ಲಾದರೂ ಇರಬಹುದಾ? ಆ ಅನುಮಾನವನ್ನ ಅಂಕಿಯಲ್ಲಿ ಹೇಳೋದು ಹೇಗೆ ಅಂತ ಅವರಿಗೆ ಗೊತ್ತಿರಲಿಲ್ಲ. ಅದನ್ನ ಕಲಿಸೋದು ಸ್ಟಾಟಿಸ್ಟಿಕ್ಸ್.

ನನ್ನ ಇಡೀ ಎಪಿಸೋಡಿನ ಮಾತು ಇಷ್ಟೇ. ನಿಮ್ಮ ಕೆಲಸ ಎಲ್ಲಿಗೆ ಬಂದು ನಿಂತುಹೋಯ್ತೋ, ಆ ಜಾಗವೇ ನಿಮ್ಮ ಪರ್ಪಸ್. ಅಲ್ಲಿಯವರೆಗೆ ನಡೆದು ಬಂದಿದ್ದೀರಿ ಅನ್ನೋದು ನಿಮ್ಮ ಸಿದ್ಧತೆ ತೋರಿಸುತ್ತೆ, ಅಲ್ಲಿಂದ ಮುಂದೆ ದಾರಿ ಕಾಣ್ತಿಲ್ಲ ಅನ್ನೋದು ಕೋರ್ಸ್ ಯಾಕೆ ಬೇಕು ಅಂತ ಹೇಳುತ್ತೆ.

ಹೊಸ ಎಸ್‌ಓಪಿ ಹೇಗೆ ಕಟ್ಟಿದರು ಅಂತ ಹೇಳ್ತೀನಿ. ಅವರು ಅರ್ಜಿ ಹಾಕಿದ ಒಂದು ಕಡೆ ಸಾವಿರ ಪದದ ಮಿತಿ ಇತ್ತು. ಇನ್ನೊಂದು ಕಡೆ ಒಂದೇ ಪುಟ. ಈ ಮಿತಿ ಕಾಲೇಜಿನಿಂದ ಕಾಲೇಜಿಗೆ ಬದಲಾಗುತ್ತೆ, ಅದನ್ನ ಮೀರಬೇಡಿ. ಮೊದಲ ವಾಕ್ಯದಲ್ಲೇ ಮೈನಸ್ ನಷ್ಟ ಬಂತು. ಕನ್ನಡದಲ್ಲಿ ಹೇಳೋದಾದರೆ ಹೀಗೆ: "ನಾನು ಲೆಕ್ಕ ನೋಡುವ ಒಂದು ವಿದ್ಯುತ್ ಮಾರ್ಗದಲ್ಲಿ ಆರು ತಿಂಗಳು ಸತತವಾಗಿ, ಕಳಿಸಿದ್ದಕ್ಕಿಂತ ಶೇ 5ರಷ್ಟು ಹೆಚ್ಚು ವಿದ್ಯುತ್ ಮಾರಾಟವಾಗಿದೆ ಎಂದು ದಾಖಲಾಗಿತ್ತು." ಓದಿದವರಿಗೆ ಮುಂದೇನಾಯ್ತು ಅಂತ ಗೊತ್ತಾಗಬೇಕು ಅನ್ನಿಸುತ್ತೆ. ಆ ಕಥೆಗೆ ಸುಮಾರು ಮುನ್ನೂರು ಪದ. ಫೀಡರ್, ಟಿಸಿ ಅನ್ನೋ ಪದಗಳನ್ನ ಒಂದೊಂದು ಸಾಲಿನಲ್ಲಿ ಬಿಡಿಸಿ ಹೇಳಿದರು, ಯಾಕಂದ್ರೆ ಓದುವವರು ವಿದ್ಯುತ್ ಇಲಾಖೆಯವರಲ್ಲ. ಅದರ ನಂತರ ಆ 50 ಮನೆಗಳ ಪ್ಯಾರಾ, ಅದಾದ ಮೇಲೆ ಮೀಟರ್ ಇಲ್ಲದ ಪಂಪ್‌ಸೆಟ್‌ನ ಪ್ರಶ್ನೆ.

ಮುಂದಿನ ಪ್ಯಾರಾದಲ್ಲಿ ಓದಿನ ಸಿದ್ಧತೆ. ಎಂಜಿನಿಯರಿಂಗ್ ಗಣಿತದಲ್ಲಿ ಓದಿದ್ದ ಪ್ರಾಬಬಿಲಿಟಿ, ರಿಗ್ರೆಶನ್, ಲೀನಿಯರ್ ಆಲ್ಜೀಬ್ರಾ ಯಾವ ಸೆಮಿಸ್ಟರ್, ಎಷ್ಟು ಮಾರ್ಕ್ಸ್ ಅಂತ ಬರೆದರು. ಆನ್‌ಲೈನ್ ಕೋರ್ಸ್ ಹನ್ನೊಂದು ಇದ್ದದ್ದು ಎರಡಕ್ಕೆ ಇಳಿಯಿತು. ಅದರಲ್ಲಿ ಕಲಿತದ್ದನ್ನ ಎಲ್ಲಿ ಬಳಸಿದರು ಅಂತ ಹೇಳೋಕೆ ಸಾಧ್ಯವಾದ ಎರಡು ಮಾತ್ರ. ಅವರಿಗೆ ಮೂರನೇ ಸೆಮಿಸ್ಟರ್‌ನಲ್ಲಿ ಒಂದು ಬ್ಯಾಕ್‌ಲಾಗ್ ಇತ್ತು. ಮಾರ್ಕ್ಸ್ ಕಾರ್ಡಿನಲ್ಲಿ ಕಾಣೋದನ್ನ ಮುಚ್ಚೋಕೆ ಆಗಲ್ಲ. ಎರಡು ವಾಕ್ಯ ಸಾಕು: ಯಾವ ವಿಷಯ ಉಳಿದಿತ್ತು, ಮತ್ತೆ ಬರೆದಾಗ ಎಷ್ಟು ಬಂತು. ಅದಕ್ಕೆ ಒಂದು ಪುಟ ಕಾರಣ ಕೊಟ್ಟರೆ ಎಲ್ಲರ ಕಣ್ಣೂ ಅಲ್ಲೇ ನಿಲ್ಲುತ್ತೆ.

ಸಣ್ಣ ಊರಿನ ವಿಷಯ ಏನಾಯ್ತು? "ಹಿಂದುಳಿದ ಊರು" ಅನ್ನೋ ಪ್ಯಾರಾ ಪೂರ್ತಿ ಹೋಯ್ತು. ಆದರೆ ಊರು ಹೋಗಲಿಲ್ಲ, ಇನ್ನೂ ಜಾಸ್ತಿ ಆಯ್ತು. ಬೀಗ ಹಾಕಿದ ಮನೆ, ಬೈಕಿನಲ್ಲಿ ಲೈನ್ ಹಿಡಿದು ಹೋಗಿದ್ದು, ಮೀಟರ್ ಇಲ್ಲದ ಪಂಪ್‌ಸೆಟ್, ಇದೆಲ್ಲಾ ಊರೇ ಅಲ್ವಾ? ದೊಡ್ಡ ನಗರದ ಆಫೀಸಿನಲ್ಲಿ ಕೂತವರಿಗೆ ಆ 31 ಬೀಗ ಕಾಣ್ತಾನೇ ಇರಲಿಲ್ಲ, ಪಟ್ಟಿಯಲ್ಲಿ ಬರೀ ಅನುಮಾನದ ಮನೆಗಳಾಗಿ ಉಳಿದುಬಿಡ್ತಿತ್ತು.

ಇನ್ನು "ನಿಮ್ಮ ವಿಶ್ವವಿದ್ಯಾಲಯವೇ ಯಾಕೆ" ಅನ್ನೋ ಪ್ಯಾರಾ. ಇದಕ್ಕೆ ಒಂದು ಸುಲಭ ಪರೀಕ್ಷೆ ಇದೆ. ಕಾಲೇಜಿನ ಹೆಸರು ಅಳಿಸಿ ಬೇರೆ ಕಾಲೇಜಿನ ಹೆಸರು ಹಾಕಿ ಓದಿ. ಆಗಲೂ ಪ್ಯಾರಾ ಸರಿಯಾಗೇ ಇದ್ದರೆ ಅದು ಕೆಲಸಕ್ಕೆ ಬಾರದ ಪ್ಯಾರಾ. ಕೋರ್ಸಿನ ಸಿಲಬಸ್ ತೆಗೆದು ಕೂತು ಓದಿ. ಅವರು ಒಂದು ಕಡೆಯ ಸಿಲಬಸ್‌ನಲ್ಲಿ ಸ್ಯಾಂಪಲ್ ಆಧಾರದ ಅಂದಾಜು ಕಲಿಸುವ ಒಂದು ವಿಷಯ, ಕಾಲಕ್ರಮದ ಡೇಟಾ ಬಗ್ಗೆ ಇನ್ನೊಂದು ವಿಷಯ ಹುಡುಕಿ, ಅವನ್ನ ಪಂಪ್‌ಸೆಟ್ ಪ್ರಶ್ನೆಗೆ ಜೋಡಿಸಿದರು. ಎರಡೇ ವಿಷಯ. ಆದರೆ ಆ ಪ್ಯಾರಾ ಇನ್ನೊಂದು ಕಾಲೇಜಿಗೆ ಹೊಂದಲ್ಲ, ಪ್ರತಿ ಅರ್ಜಿಗೂ ಹೊಸದಾಗಿ ಬರೀಬೇಕಾಯ್ತು.

ಮೂರು ಎಚ್ಚರಿಕೆ ಹೇಳಿ ಮುಗಿಸ್ತೀನಿ. ಒಂದು, ಆಫೀಸಿನ ಡೇಟಾ ನಿಮ್ಮದಲ್ಲ. ಇವರು ತಮ್ಮ ಮೇಲಧಿಕಾರಿಯನ್ನ ಕೇಳಿ ಒಪ್ಪಿಗೆ ತಗೊಂಡು, ಊರಿನ ಹೆಸರು, ಆರ್‌ಆರ್ ನಂಬರ್, ಗ್ರಾಹಕರ ಹೆಸರು ಯಾವುದನ್ನೂ ಹಾಕದೆ ಬರೆದರು. ಅದರಿಂದ ಇನ್ನೊಂದು ಲಾಭ ಆಯ್ತು. ಆ ಅಧಿಕಾರಿಯೇ ಶಿಫಾರಸು ಪತ್ರ ಕೊಟ್ಟವರು. ಎಸ್‌ಓಪಿ ಹೇಳೋ ಕಥೆಯನ್ನ ಪತ್ರವೂ ಬೇರೆ ಕಡೆಯಿಂದ ಹೇಳ್ತು. ಇವೆರಡೂ ಒಂದಕ್ಕೊಂದು ತಾಳೆ ಆಗದಿದ್ದರೆ ಓದುವವರಿಗೆ ಅನುಮಾನ ಬರುತ್ತೆ.

ಎರಡನೇದು, ದುಡ್ಡು ಕೊಟ್ಟು ಬರೆಸಿದ ರೆಡಿಮೇಡ್ ಎಸ್‌ಓಪಿ. ಒಂದೇ ಅಚ್ಚಿನಲ್ಲಿ ನೂರಾರು ಜನರಿಗೆ ಹೋಗಿರುತ್ತೆ, ಬೇರೆ ಬರಹದ ಜೊತೆ ಹೋಲಿಸಿ ನೋಡೋ ಸಾಫ್ಟ್‌ವೇರ್‌ಗಳಿವೆ. ಇಂಟರ್‌ವ್ಯೂ ಇದ್ದರಂತೂ ಕಷ್ಟ. "ಆ ಮೈನಸ್ ಯಾಕೆ ಬಂತು?" ಅಂತ ಕೇಳಿದರೆ ನಮ್ಮ ಎಂಜಿನಿಯರ್ ನಿದ್ದೆಯಲ್ಲೂ ಹೇಳ್ತಾರೆ. ಬರೆಸಿಕೊಂಡವರು ಏನು ಹೇಳ್ತಾರೆ?

ಮೂರನೇದು ಎಲ್ಲಕ್ಕಿಂತ ಮುಖ್ಯ. ಎಸ್‌ಓಪಿಯಿಂದ ಆಗದ ಕೆಲಸವೂ ಇದೆ. ಎಷ್ಟೋ ಕೋರ್ಸ್‌ಗಳಿಗೆ, ಅದರಲ್ಲೂ ಜರ್ಮನಿಯಲ್ಲಿ, ಡಿಗ್ರಿಯಲ್ಲಿ ಗಣಿತಕ್ಕೆ ಇಷ್ಟು, ಕಂಪ್ಯೂಟರ್ ಸೈನ್ಸ್‌ಗೆ ಇಷ್ಟು ಕ್ರೆಡಿಟ್ ಇರಲೇಬೇಕು ಅಂತ ನಿಯಮ ಇರುತ್ತೆ. ಎಲೆಕ್ಟ್ರಿಕಲ್, ಸಿವಿಲ್, ಮೆಕ್ಯಾನಿಕಲ್ ಓದಿದವರಿಗೆ ಗಣಿತ ಸಾಕಾದರೂ ಡೇಟಾಬೇಸ್, ಅಲ್ಗಾರಿದಮ್ ಥರದ ವಿಷಯಗಳಲ್ಲಿ ಕ್ರೆಡಿಟ್ ಕಡಿಮೆ ಬೀಳಬಹುದು. ಹಾಗೆ ಕಡಿಮೆ ಬಿದ್ದ ಕಡೆ ಎಸ್‌ಓಪಿ ಎಷ್ಟೇ ಚೆನ್ನಾಗಿದ್ದರೂ ಅರ್ಜಿ ಮೊದಲ ಹಂತದಲ್ಲೇ ಹೊರಗೆ. ನಮ್ಮ ಎಂಜಿನಿಯರ್ ಆರಿಸಿಕೊಂಡಿದ್ದ ಏಳರಲ್ಲಿ ಮೂರು ಕೋರ್ಸ್‌ಗಳನ್ನ ಇದೇ ಕಾರಣಕ್ಕೆ ಕೈಬಿಟ್ಟರು. ಅರ್ಜಿ ಶುಲ್ಕ ಕಟ್ಟೋ ಮೊದಲೇ ಇದನ್ನ ನೋಡಿಕೊಂಡಿದ್ದರಿಂದ ಅಷ್ಟು ದುಡ್ಡು ಉಳೀತು.

ಉಳಿದ ನಾಲ್ಕು ಕಡೆ ಅರ್ಜಿ ಹೋಗಿದೆ. ಇನ್ನೂ ಯಾರಿಂದಲೂ ಉತ್ತರ ಬಂದಿಲ್ಲ. ಮೊನ್ನೆ ಮೆಸೇಜ್ ಹಾಕಿದ್ದರು, ಆ 50 ಮನೆಯ ಪಟ್ಟಿಯನ್ನ ಮತ್ತೆ ತೆಗೆದಿದ್ದಾರಂತೆ. ಈ ಸಲ ಬೀಗ ಹಾಕಿದ ಮನೆ, ಕೆಟ್ಟ ಮೀಟರ್ ಅಂತ ಲೈನ್‌ಮನ್‌ಗಳ ಕೈಲೇ ಒಂದೊಂದಕ್ಕೂ ಗುರುತು ಹಾಕಿಸ್ತಿದ್ದಾರೆ. ಕಲಿಯೋಕೆ ಪ್ರೋಗ್ರಾಂಗೆ ಉದಾಹರಣೆಗಳು ಬೇಕಲ್ಲ, ಅದಕ್ಕೆ.

ನೀವು ಎಸ್‌ಓಪಿ ಬರೀತಾ ಇದ್ದರೆ ಇವತ್ತು ರಾತ್ರಿ ಡ್ರಾಫ್ಟ್ ಪಕ್ಕಕ್ಕಿಡಿ. ಒಂದು ಹಾಳೆ ತಗೊಂಡು, ನಿಮ್ಮ ಕೆಲಸದಲ್ಲೋ ಪ್ರಾಜೆಕ್ಟ್‌ನಲ್ಲೋ ನಂಬೋಕಾಗದ ಒಂದು ಅಂಕಿ ಬಂದಿದ್ದು ಯಾವಾಗ, ಅದಕ್ಕೆ ನೀವು ಏನು ಮಾಡಿದಿರಿ, ಎಲ್ಲಿ ನಿಂತುಹೋದಿರಿ ಅಂತ ಕನ್ನಡದಲ್ಲೇ ಬರೀರಿ. ಇಂಗ್ಲಿಷ್ ಆಮೇಲೆ ಮಾಡಿಕೊಳ್ಳಬಹುದು. ಮುಂದಿನ ವಾರ ಎಜುಕೇಶನ್ ಲೋನ್ ಬಗ್ಗೆ ಮಾತಾಡೋಣ, ಬಡ್ಡಿ ಲೆಕ್ಕ ಸಮೇತ. ಅದು ನನ್ನ ಏರಿಯಾ.